ಫೋನ್ ಸಿಗದಾಗ ಕರೆ ಎಲ್ಲಿಗೆ ಹೋಗುತ್ತದೆ?

ಮೊಬೈಲಿಗೆ ಬಂದ ಕರೆಯನ್ನು ಇನ್ನೊಂದು ನಂಬರಿಗೆ ಕಳಿಸುವ ಕಾಲ್ ಫಾರ್ವರ್ಡಿಂಗ್‌ನಲ್ಲಿ ಎರಡು ಬಗೆ ಇದೆ. ಮೊದಲನೆಯದರಲ್ಲಿ ಬಂದ ಕರೆಗಳೆಲ್ಲವೂ ನೇರವಾಗಿ ಬೇರೆ ನಂಬರಿಗೆ ಹೋಗುತ್ತವೆ, ಮೂಲ ಫೋನು ರಿಂಗೇ ಆಗುವುದಿಲ್ಲ. ಎರಡನೆಯದು ಷರತ್ತಿನದು. ಫೋನು ಬೇರೊಂದು ಕರೆಯಲ್ಲಿದ್ದರೆ, ರಿಂಗಾದರೂ ಯಾರೂ ಎತ್ತದಿದ್ದರೆ, ಅಥವಾ ಫೋನು ಆಫ್ ಆಗಿಯೋ ಸಿಗ್ನಲ್ ಇಲ್ಲದೆಯೋ ಸಿಗದಿದ್ದರೆ, ಆಗ ಮಾತ್ರ ಕರೆ ತಿರುಗುತ್ತದೆ. ಉಳಿದ ಹೊತ್ತಿನಲ್ಲಿ ಫೋನು ಎಂದಿನಂತೆಯೇ ಕೆಲಸ ಮಾಡುತ್ತದೆ. ಈ ಎರಡನೆಯ ಬಗೆಯೇ ಹೆಚ್ಚು ಉಪಯೋಗದ್ದು, ಮರೆತುಹೋಗುವುದೂ ಇದೇ. ಎಲ್ಲ ಕರೆಗಳನ್ನೂ ತಿರುಗಿಸಿದಾಗ ಆಂಡ್ರಾಯ್ಡ್ ಫೋನುಗಳ ಪರದೆಯ ಮೇಲ್ತುದಿಯಲ್ಲಿ ಸಾಮಾನ್ಯವಾಗಿ ಒಂದು ಬಾಣದ ಗುರುತು ಕಾಣುತ್ತದೆ. ಷರತ್ತಿನ ಫಾರ್ವರ್ಡಿಂಗ್‌ಗೆ ಅಂಥ ಗುರುತಿಲ್ಲ. ವರ್ಷಗಟ್ಟಲೆ ಚಾಲೂ ಇದ್ದರೂ ಫೋನಿನ ಮಾಲೀಕನ ಕಣ್ಣಿಗೆ ಬೀಳದೆ ಇರಬಲ್ಲದು.

ಈ ಏರ್ಪಾಡು ಎಲ್ಲಿ ದಾಖಲಾಗಿರುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಉಳಿದದ್ದೆಲ್ಲ ಅದರಿಂದಲೇ ಅರ್ಥವಾಗುತ್ತದೆ. ಫಾರ್ವರ್ಡ್ ನಂಬರು ಫೋನಿನೊಳಗೆ ಇರುವುದಿಲ್ಲ, ಸಿಮ್ ಕಾರ್ಡಿನಲ್ಲೂ ಇರುವುದಿಲ್ಲ. ಪ್ರತಿ ಮೊಬೈಲ್ ಕಂಪನಿಯ ಬಳಿ ತನ್ನ ಗ್ರಾಹಕರ ಒಂದು ಕಡತ ಇರುತ್ತದೆ. ಯಾವ ನಂಬರಿಗೆ ಯಾವ ಸೇವೆಗಳಿವೆ, ಆ ಫೋನು ಈಗ ಯಾವ ಪ್ರದೇಶದಲ್ಲಿದೆ ಎಂಬುದೆಲ್ಲ ಅದರಲ್ಲಿದೆ. ಫಾರ್ವರ್ಡ್ ನಂಬರು ಬರೆದಿರುವುದೂ ಆ ಕಡತದಲ್ಲೇ. ಫೋನು ಸತ್ತುಹೋಗಿದ್ದಾಗಲೂ ಕರೆ ತಿರುಗಲು ಸಾಧ್ಯವಾಗುವುದು ಇದರಿಂದ. ಹೊಸ ಫೋನು ಕೊಂಡರೂ, ಹಳೆಯದನ್ನು ಫ್ಯಾಕ್ಟರಿ ರೀಸೆಟ್ ಮಾಡಿದರೂ, ಸಿಮ್ ತೆಗೆದು ಮತ್ತೆ ಹಾಕಿದರೂ ಫಾರ್ವರ್ಡಿಂಗ್ ಅಳಿಯದಿರುವುದಕ್ಕೂ ಇದೇ ಕಾರಣ. ಕಂಪನಿಯ ಕಡತಕ್ಕೆ ಸಂದೇಶ ಕಳಿಸಿ ಅಳಿಸಿದರೆ ಮಾತ್ರ ಅದು ಹೋಗುತ್ತದೆ.

ಮೂರು ಷರತ್ತುಗಳಿಗೂ ಬೇರೆ ಬೇರೆ ಸಂಖ್ಯೆಗಳಿವೆ. ಬಿಜಿ ಇದ್ದಾಗ 67, ಎತ್ತದಿದ್ದಾಗ 61, ಸಿಗದಿದ್ದಾಗ 62. ಎಲ್ಲ ಕರೆಗಳನ್ನೂ ತಿರುಗಿಸುವುದಕ್ಕೆ 21. ಇವು ಯಾವುದೋ ಒಂದು ಕಂಪನಿಯ ಸಂಖ್ಯೆಗಳಲ್ಲ. ಜಿಎಸ್‌ಎಂ ಎಂಬ ಮೊಬೈಲ್ ವ್ಯವಸ್ಥೆಯ ಜೊತೆಗೇ ಬಂದು ಜಗತ್ತಿನ ಬಹುತೇಕ ದೇಶಗಳಲ್ಲಿ ಒಂದೇ ರೀತಿ ಇರುವಂಥವು. ಸಂಖ್ಯೆಯ ಮುಂದೆ ಬರುವ ಚಿಹ್ನೆ ಏನು ಮಾಡಬೇಕೆಂಬುದನ್ನು ಹೇಳುತ್ತದೆ. ಎರಡು ನಕ್ಷತ್ರ ಇದ್ದರೆ ನಂಬರನ್ನು ಬರೆದುಕೊಂಡು ಚಾಲೂ ಮಾಡು ಎಂದರ್ಥ. ನಕ್ಷತ್ರದ ಪಕ್ಕ ಹ್ಯಾಶ್ ಇದ್ದರೆ ಈಗಿನ ಸ್ಥಿತಿ ತಿಳಿಸು ಎಂದು. ಒಂದೇ ಹ್ಯಾಶ್ ಇದ್ದರೆ ತಾತ್ಕಾಲಿಕವಾಗಿ ನಿಲ್ಲಿಸು, ಎರಡು ಹ್ಯಾಶ್ ಇದ್ದರೆ ಪೂರ್ತಿ ಅಳಿಸಿಬಿಡು. ಕೊನೆಯ ಎರಡರ ನಡುವಿನ ವ್ಯತ್ಯಾಸ ಸಣ್ಣದಲ್ಲ. ಒಂದು ಹ್ಯಾಶ್‌ನಿಂದ ನಿಲ್ಲಿಸಿದಾಗ ನಂಬರು ಕಡತದಲ್ಲಿ ಹಾಗೇ ಉಳಿಯುತ್ತದೆ, ಮುಂದೊಮ್ಮೆ ಅದನ್ನೇ ಎಬ್ಬಿಸಬಹುದು. ಎರಡು ಹ್ಯಾಶ್ ಹಾಕಿದರೆ ನಂಬರೇ ಹೋಗುತ್ತದೆ.

ಒಂದು ಉದಾಹರಣೆ ಹಿಡಿದು ನೋಡಬಹುದು. ಶಿರಸಿಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡ ಒಬ್ಬರಿಗೆ ಊರಾಚೆ ಅಡಿಕೆ ತೋಟವೂ ಇದೆ ಎಂದುಕೊಳ್ಳೋಣ. ಬೆಳಿಗ್ಗೆ ತೋಟಕ್ಕೆ ಹೋದರೆ ಕಣಿವೆಯಲ್ಲಿ ಸಿಗ್ನಲ್ ಸಿಗದು. ಆ ಹೊತ್ತಿನಲ್ಲಿ ಅಂಗಡಿ ನೋಡಿಕೊಳ್ಳುವ ಹೆಂಡತಿಯ ಫೋನಿಗೆ ಗಿರಾಕಿಗಳ ಕರೆ ಹೋಗಬೇಕು. ಅಂಗಡಿಯಲ್ಲಿ ಕೂತಾಗ ಮಾತ್ರ ಕರೆ ತಮಗೇ ಬರಬೇಕು. ಇಲ್ಲಿ ಬೇಕಾದದ್ದು 62. ಮನೆ ಬಿಡುವ ಮುನ್ನ, ಸಿಗ್ನಲ್ ಇರುವಾಗಲೇ, ಅವರು ಡಯಲ್ ಪ್ಯಾಡಿನಲ್ಲಿ ಹೀಗೆ ಒತ್ತಿ ಕರೆ ಗುಂಡಿ ಅದುಮುತ್ತಾರೆ (ಎಕ್ಸ್ ಇರುವಲ್ಲಿ ಹೆಂಡತಿಯ ನಂಬರಿನ ಅಂಕಿಗಳು):

```
**62*9XXXXXXXXX#
```

ಕರೆ ಹೋಗುವುದಿಲ್ಲ. ಕೆಲವು ಕ್ಷಣಗಳಲ್ಲಿ ಪರದೆಯ ಮೇಲೆ ಸೇವೆ ನೋಂದಣಿಯಾಯಿತು ಎಂಬರ್ಥದ ಇಂಗ್ಲಿಷ್ ಸಾಲು ಬರುತ್ತದೆ. ಇಷ್ಟು ಒಮ್ಮೆ ಮಾಡಿದರೆ ಸಾಕು, ದಿನಾ ಮಾಡಬೇಕಾಗಿಲ್ಲ. ತೋಟದಿಂದ ವಾಪಸು ಬಂದು ಫೋನು ಟವರಿಗೆ ಸಿಕ್ಕ ಕೂಡಲೇ ಕರೆಗಳು ತಾವಾಗಿ ಅವರಿಗೇ ಬರತೊಡಗುತ್ತವೆ. ಅಂಗಡಿಯ ಲ್ಯಾಂಡ್‌ಲೈನಿಗೆ ಕಳಿಸಬೇಕಿದ್ದರೆ ನಂಬರಿನ ಹಿಂದೆ ಎಸ್‌ಟಿಡಿ ಕೋಡ್ ಸೇರಿಸಬೇಕು.

ಮೊದಲ ದಿನವೇ ಅವರಿಗೆ ಒಂದು ವಿಚಿತ್ರ ಕಾಣಬಹುದು. ತೋಟದಲ್ಲಿದ್ದಾಗ ಕರೆ ಮಾಡಿದವರು ಹಲವು ಕ್ಷಣ ಮೌನ ಕೇಳಿದ ಮೇಲೆ ಅಂಗಡಿಯ ಫೋನು ರಿಂಗಾಯಿತು ಎನ್ನುತ್ತಾರೆ. ಅದೇ ಫೋನನ್ನು ಕೈಯಾರೆ ಸ್ವಿಚ್ ಆಫ್ ಮಾಡಿದಾಗ ಕರೆ ತಕ್ಷಣ ತಿರುಗುತ್ತದೆ. ಫೋನನ್ನು ಕ್ರಮವಾಗಿ ಆಫ್ ಮಾಡಿದರೆ ಅದು ಮಲಗುವ ಮುನ್ನ ನಾನು ಹೊರಟೆ ಎಂದು ನೆಟ್‌ವರ್ಕಿಗೆ ಒಂದು ಸಂದೇಶ ಕಳಿಸುತ್ತದೆ. ನೆಟ್‌ವರ್ಕ್ ಅದನ್ನು ಗುರುತು ಹಾಕಿಕೊಂಡಿರುವುದರಿಂದ ಮತ್ತೆ ಹುಡುಕುವ ಗೋಜಿಗೆ ಹೋಗುವುದಿಲ್ಲ. ಗುಡ್ಡ ಇಳಿಯುತ್ತ ಇಳಿಯುತ್ತ ಸಿಗ್ನಲ್ ಕಡಿದುಹೋದರೆ ಹೇಳಿ ಹೋಗಲು ಫೋನಿಗೆ ಅವಕಾಶವೇ ಸಿಗದು. ಕಡತದಲ್ಲಿ ಅದು ಇನ್ನೂ ಇದೆ ಎಂದೇ ಇರುತ್ತದೆ. ಕರೆ ಬಂದಾಗ ಟವರುಗಳು ಆ ಫೋನನ್ನು ಕೂಗಿ ಕರೆಯುತ್ತವೆ, ಉತ್ತರ ಬರದೆ ಕಾದು, ಆಮೇಲಷ್ಟೇ ಸಿಗುತ್ತಿಲ್ಲ ಎಂದು ತೀರ್ಮಾನಿಸಿ ಕರೆಯನ್ನು ತಿರುಗಿಸುತ್ತವೆ. ಬಹಳ ಹೊತ್ತು ಫೋನಿನಿಂದ ಸುದ್ದಿಯೇ ಇಲ್ಲದಿದ್ದರೆ ನೆಟ್‌ವರ್ಕ್ ತಾನಾಗಿ ಅದನ್ನು ಹೋಗಿದೆ ಎಂದು ಬರೆದುಕೊಳ್ಳುತ್ತದೆ, ಆಗ ತಡವೂ ಇಲ್ಲವಾಗುತ್ತದೆ.

ಹೀಗೆ ತಿರುಗಿದ ಕರೆಯ ಯಾವ ಗುರುತೂ ತೋಟದಲ್ಲಿದ್ದ ಫೋನಿನಲ್ಲಿ ಉಳಿಯುವುದಿಲ್ಲ. ಕರೆ ಆ ಫೋನನ್ನು ತಲುಪಿಯೇ ಇಲ್ಲವಷ್ಟೆ. ಯಾರು ಕರೆದಿದ್ದರು ಎಂಬುದು ಅಂಗಡಿಯ ಫೋನಿನ ಪಟ್ಟಿಯಲ್ಲಿ ಮಾತ್ರ ಇರುತ್ತದೆ.

ಎತ್ತದಿದ್ದಾಗ ತಿರುಗಿಸುವ 61 ಇದಕ್ಕಿಂತ ಭಿನ್ನ. ಇಲ್ಲಿ ಫೋನು ಸಿಗುತ್ತದೆ, ರಿಂಗಾಗುತ್ತದೆ, ಮಿಸ್ಡ್ ಕಾಲ್ ಎಂದು ದಾಖಲೂ ಆಗುತ್ತದೆ. ಎಷ್ಟು ಹೊತ್ತು ರಿಂಗಾಗಬೇಕು ಎಂಬುದನ್ನು ಬಳಕೆದಾರರೇ ನಿಗದಿ ಮಾಡಬಹುದು: 5ರಿಂದ 30 ಸೆಕೆಂಡಿನವರೆಗೆ, ಐದೈದರ ಹೆಜ್ಜೆಯಲ್ಲಿ. ಇಪ್ಪತ್ತು ಸೆಕೆಂಡು ಬೇಕಿದ್ದರೆ ಹೀಗೆ:

```
**61*9XXXXXXXXX*11*20#
```

ನಡುವಿನ 11 ಎಂದರೆ ಮಾತಿನ ಕರೆಗಳಿಗೆ ಮಾತ್ರ ಎಂದು. ಸಮಯವನ್ನು ಬಿಟ್ಟು ನಂಬರನ್ನಷ್ಟೇ ಕೊಟ್ಟರೆ ಕಂಪನಿ ತಾನೇ ಇಟ್ಟುಕೊಂಡ ಅವಧಿ ಅನ್ವಯವಾಗುತ್ತದೆ. ಐದು, ಹತ್ತು ಸೆಕೆಂಡುಗಳು ಬಹಳ ಕಡಿಮೆ. ಜೇಬಿನಿಂದ ಫೋನು ತೆಗೆಯುವಷ್ಟರಲ್ಲಿ ಕರೆ ಹೊರಟುಹೋಗಿರುತ್ತದೆ. ಎರಡೇ ರಿಂಗಿಗೆ ಕರೆ ನಿಲ್ಲುತ್ತದೆ ಎಂದು ಫೋನನ್ನು ರಿಪೇರಿ ಅಂಗಡಿಗೆ ಒಯ್ಯುವ ಮೊದಲು ಈ ಅವಧಿಯನ್ನು ನೋಡುವುದು ಒಳ್ಳೆಯದು.

ಬಿಜಿ ಇದ್ದಾಗಿನ 67ರಲ್ಲಿ ಗೊಂದಲ ಹುಟ್ಟಿಸುವುದು ಕಾಲ್ ವೇಟಿಂಗ್. ಅದು ಚಾಲೂ ಇದ್ದರೆ, ಮಾತಾಡುತ್ತಿರುವಾಗ ಬರುವ ಎರಡನೆಯ ಕರೆ ಕಿವಿಯಲ್ಲಿ ಬೀಪ್ ಎನ್ನುತ್ತ ಕಾಯುತ್ತದೆ. ನೆಟ್‌ವರ್ಕಿನ ಲೆಕ್ಕದಲ್ಲಿ ಆ ಫೋನು ಇನ್ನೂ ಬಿಜಿ ಅಲ್ಲ. ಹಾಗಾಗಿ 67 ಹಾಕಿದ್ದರೂ ಕರೆ ತಿರುಗುವುದಿಲ್ಲ. ಕಾಯುತ್ತಿರುವ ಕರೆಯನ್ನು ಕೆಂಪು ಗುಂಡಿ ಒತ್ತಿ ತಿರಸ್ಕರಿಸಿದರೆ ಆಗ ಅದು ಬಿಜಿ ಎಂದು ಎಣಿಕೆಯಾಗಿ ತಿರುಗುತ್ತದೆ. ಬೇರೆ ಕರೆ ಇಲ್ಲದಾಗ ಬಂದ ಕರೆಯನ್ನು ಕಡಿದರೂ ಇದೇ ನಿಯಮ. ಬೇಡವೆಂದು ಕಡಿದ ಕರೆ ಮನೆಯವರ ಫೋನಿಗೆ ಹೋಗಿ ರಿಂಗಾಗುವುದು ಹೀಗೆಯೇ. ಕಾಲ್ ವೇಟಿಂಗ್ ಇದೆಯೋ ಇಲ್ಲವೋ ಎಂಬುದನ್ನು `*#43#` ಒತ್ತಿ ತಿಳಿಯಬಹುದು, `#43#` ಒತ್ತಿ ನಿಲ್ಲಿಸಬಹುದು.

ಎರಡು ಸಿಮ್ ಇರುವ ಫೋನುಗಳಲ್ಲಿ ಷರತ್ತಿನ ಫಾರ್ವರ್ಡಿಂಗ್‌ಗೆ ಇನ್ನೊಂದು ಕೆಲಸವಿದೆ. ಇಂಥ ಅನೇಕ ಫೋನುಗಳಲ್ಲಿ ಒಂದು ಸಿಮ್‌ನಲ್ಲಿ ಮಾತು ನಡೆದಿರುವಾಗ ಇನ್ನೊಂದು ಸಿಮ್ ನೆಟ್‌ವರ್ಕಿನಿಂದ ಕಡಿದುಹೋಗಿರುತ್ತದೆ, ಅದಕ್ಕೆ ಕರೆದವರಿಗೆ ಸ್ವಿಚ್ ಆಫ್ ಎಂದೋ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದೋ ಕೇಳುತ್ತದೆ. ಎರಡನೆಯ ಸಿಮ್‌ನಿಂದ 62ನ್ನು ಮೊದಲನೆಯದರ ನಂಬರಿಗೆ ಹಾಕಿಟ್ಟರೆ ಆ ಕರೆ ತಿರುಗಿ ಬಂದು ಕಾಲ್ ವೇಟಿಂಗ್ ಆಗಿ ಬೀಪ್ ಎನ್ನುತ್ತದೆ. ಪ್ರತಿ ಸಿಮ್‌ನ ಕಡತ ಬೇರೆಯೇ ಆದ್ದರಿಂದ, ಕೋಡ್ ಒತ್ತುವಾಗ ಯಾವ ಸಿಮ್ ಎಂದು ಫೋನು ಕೇಳಿದರೆ ಸರಿಯಾದುದನ್ನೇ ಆರಿಸಬೇಕು. ತೆಗೆಯುವಾಗಲೂ ಅಷ್ಟೇ: ಒಂದು ಸಿಮ್‌ನಲ್ಲಿ ಅಳಿಸಿ ಎರಡೂ ಅಳಿಸಿತು ಎಂದುಕೊಳ್ಳುವಂತಿಲ್ಲ.

ಕೋಡ್ ಬೇಡವೆನ್ನುವವರಿಗೆ ಫೋನಿನ ಸೆಟ್ಟಿಂಗ್ ಇದೆ. ಆಂಡ್ರಾಯ್ಡ್ ಫೋನುಗಳಲ್ಲಿ ಡಯಲ್ ಆ್ಯಪಿನ ಮೂರು ಚುಕ್ಕೆ ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ಸಿಮ್ ಆರಿಸಿದರೆ ಕಾಲ್ ಫಾರ್ವರ್ಡಿಂಗ್ ಎಂಬ ಪುಟದಲ್ಲಿ ನಾಲ್ಕೂ ಬಗೆಗಳು ಒಂದರ ಕೆಳಗೊಂದು ಕಾಣುತ್ತವೆ. ಕಂಪನಿಯಿಂದ ಕಂಪನಿಗೆ ದಾರಿ ತುಸು ಬದಲಾದೀತು. ಪುಟ ತೆರೆದಾಗ ಫೋನು ಕಂಪನಿಯ ಕಡತವನ್ನು ಓದಿ ತರಬೇಕಾದ್ದರಿಂದ ಸ್ವಲ್ಪ ತಡವಾಗುತ್ತದೆ. ಈಗಿನ 4ಜಿ ನೆಟ್‌ವರ್ಕಿನಲ್ಲಿ ಈ ಓದು ಮೊಬೈಲ್ ಡೇಟಾದ ಮೂಲಕ ನಡೆಯುವುದುಂಟು. ಪುಟ ಎರರ್ ತೋರಿಸಿದರೆ ವೈಫೈ ನಿಲ್ಲಿಸಿ ಡೇಟಾ ಚಾಲೂ ಮಾಡಿ ಮತ್ತೊಮ್ಮೆ ನೋಡಬೇಕು. ಐಫೋನಿನ ಸೆಟ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಕಾಣುವುದು ಎಲ್ಲ ಕರೆಗಳನ್ನೂ ತಿರುಗಿಸುವ ಆಯ್ಕೆ ಒಂದೇ. ಅಲ್ಲಿ ಅದು ಆಫ್ ಎಂದು ಕಂಡ ಮಾತ್ರಕ್ಕೆ 61, 62, 67 ಖಾಲಿ ಇವೆ ಎಂದು ಹೇಳಲಾಗದು, ಕೋಡ್ ಒತ್ತಿಯೇ ನೋಡಬೇಕು.

ಖರ್ಚಿನ ಲೆಕ್ಕ ಹೀಗೆ: ಕರೆ ಮಾಡಿದವರು ತಾವು ಒತ್ತಿದ ನಂಬರಿನವರೆಗಿನ ದರ ಕೊಡುತ್ತಾರೆ. ಅಲ್ಲಿಂದ ಮುಂದಿನ ನಂಬರಿಗೆ ಹೋಗುವ ತುಂಡು ಫಾರ್ವರ್ಡ್ ಹಾಕಿದವರ ಲೆಕ್ಕಕ್ಕೆ ಸೇರುತ್ತದೆ. ದೇಶದೊಳಗೆ ಅನ್‌ಲಿಮಿಟೆಡ್ ಪ್ಯಾಕ್ ಇರುವವರಿಗೆ ಇದು ಸಾಮಾನ್ಯವಾಗಿ ತಟ್ಟುವುದಿಲ್ಲ. ವಿದೇಶ ರೋಮಿಂಗ್‌ನಲ್ಲಿ ತಟ್ಟುತ್ತದೆ. ಮಂಗಳೂರಿನ ಸಿಮ್ ಹಾಕಿಕೊಂಡು ದುಬೈಗೆ ಹೋದವರಿಗೆ ಊರಿಂದ ಕರೆ ಬಂತು, ಅವರು ಎತ್ತಲಿಲ್ಲ, 61 ಊರಿನ ನಂಬರಿಗೆ ಇತ್ತು ಎಂದಿಟ್ಟುಕೊಂಡರೆ, ಹಳೆಯ ಬಗೆಯ ರೋಮಿಂಗ್‌ನಲ್ಲಿ ಕರೆ ಮೊದಲು ದುಬೈ ತಲುಪುತ್ತದೆ. ಎತ್ತಿಲ್ಲ ಎಂದು ಗೊತ್ತಾಗುವುದು ಅಲ್ಲಿಯೇ. ಅಲ್ಲಿಂದ ಅದು ಮತ್ತೆ ಭಾರತಕ್ಕೆ ಮರಳುತ್ತದೆ. ಹೋಗುವ ದಾರಿಗೆ ರೋಮಿಂಗ್‌ನ ಒಳಕರೆಯ ದರ, ಬರುವ ದಾರಿಗೆ ಅಂತರರಾಷ್ಟ್ರೀಯ ಹೊರಕರೆಯ ದರ, ಎರಡೂ ಒಂದು ಮಾತನ್ನೂ ಆಡದವರ ಬಿಲ್ಲಿಗೆ ಬೀಳಬಹುದು. ಎಲ್ಲ ಕರೆಗಳನ್ನೂ ತಿರುಗಿಸುವ 21ರಲ್ಲಿ ಈ ತೊಂದರೆ ಇಲ್ಲ, ಏಕೆಂದರೆ ಆ ತೀರ್ಮಾನ ಊರಿನ ಕಡತದಲ್ಲೇ ಆಗಿ ಕರೆ ದೇಶ ದಾಟುವುದೇ ಇಲ್ಲ. ಪ್ರಯಾಣಕ್ಕೆ ಮುನ್ನ ಷರತ್ತಿನವು ಮೂರನ್ನೂ ತೆಗೆದು ಹೋಗುವುದೇ ಸರಿ.

ಇದೇ ಸೌಲಭ್ಯ ವಂಚಕರ ಕೈಗೂ ಸಿಕ್ಕಿದೆ. 2022ರಲ್ಲಿ ಬೆಂಗಳೂರಿನ ಸೈಬರ್ ಭದ್ರತಾ ಕಂಪನಿ ಕ್ಲೌಡ್‌ಸೆಕ್‌ನ ಮುಖ್ಯಸ್ಥ ರಾಹುಲ್ ಸಸಿ ಒಂದು ವಿಧಾನವನ್ನು ಬಹಿರಂಗವಾಗಿ ವಿವರಿಸಿದ್ದರು. ಯಾರೋ ಕರೆ ಮಾಡಿ, ಏನೋ ನೆಪ ಹೇಳಿ, `**67*` ಅಥವಾ `*405*` ಒತ್ತಿ ಅದರ ಮುಂದೆ ತಾವು ಹೇಳುವ ಹತ್ತು ಅಂಕಿ ಒತ್ತಲು ಹೇಳುತ್ತಾರೆ. ಎರಡನೆಯದು ಭಾರತದ ಕೆಲವು ಕಂಪನಿಗಳು ಬಿಜಿ ಫಾರ್ವರ್ಡಿಂಗ್‌ಗೆ ತಾವೇ ಇಟ್ಟುಕೊಂಡಿದ್ದ ಕೋಡ್. ಒತ್ತಿದ್ದೇ ತಡ, ಆ ವ್ಯಕ್ತಿ ಬಿಜಿ ಇದ್ದಾಗ ಬರುವ ಕರೆಗಳೆಲ್ಲ ವಂಚಕನಿಗೆ ಹೋಗುತ್ತವೆ. ವಂಚಕ ತನ್ನ ಫೋನಿನಲ್ಲಿ ಬಲಿಯಾದವರ ನಂಬರು ಹಾಕಿ ವಾಟ್ಸ್‌ಆ್ಯಪ್ ತೆರೆಯುತ್ತಾನೆ, ಒಟಿಪಿಯನ್ನು ಎಸ್‌ಎಂಎಸ್ ಬದಲು ಕರೆಯ ಮೂಲಕ ಕೊಡಿ ಎಂದು ಕೇಳುತ್ತಾನೆ, ಅದೇ ಹೊತ್ತಿಗೆ ಬಲಿಯಾದವರನ್ನು ಮಾತಿನಲ್ಲಿ ಹಿಡಿದಿಟ್ಟಿರುತ್ತಾನೆ. ಫೋನು ಬಿಜಿ. ಒಟಿಪಿ ಓದಿ ಹೇಳುವ ಕರೆ ತಿರುಗಿ ವಂಚಕನ ಕಿವಿಗೆ ಬೀಳುತ್ತದೆ. ಕೆಲವೇ ನಿಮಿಷಗಳಲ್ಲಿ ಖಾತೆ ಅವನದು. ಎಸ್‌ಎಂಎಸ್‌ಗಳು ಕಾಲ್ ಫಾರ್ವರ್ಡಿಂಗ್‌ನಿಂದ ತಿರುಗುವುದಿಲ್ಲ, ವಾಟ್ಸ್‌ಆ್ಯಪ್ ಕರೆಗಳೂ ತಿರುಗುವುದಿಲ್ಲ. ವಂಚಕನಿಗೆ ದಾರಿಯಾಗುವುದು ಮಾತಿನ ಒಟಿಪಿ ಒಂದೇ. ವಾಟ್ಸ್‌ಆ್ಯಪಿನಲ್ಲಿ ಆರಂಕಿಯ ಟೂ-ಸ್ಟೆಪ್ ಪಿನ್ ಇಟ್ಟುಕೊಂಡವರ ಖಾತೆಯನ್ನು ಬರೀ ಒಟಿಪಿಯಿಂದ ತೆರೆಯಲಾಗದು.

ಇಂಥ ಪ್ರಕರಣಗಳ ಹಿನ್ನೆಲೆಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ, `*401#` ಬಗೆಯ ಯುಎಸ್‌ಎಸ್‌ಡಿ ಕೋಡ್‌ಗಳ ಮೂಲಕ ನಡೆಯುತ್ತಿದ್ದ ಕಾಲ್ ಫಾರ್ವರ್ಡಿಂಗನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಲು ಕಂಪನಿಗಳಿಗೆ ಸೂಚಿಸಿತು. ಹೀಗಾಗಿ ಹಳೆಯ ಕೋಡ್ ಯಾವುದಾದರೂ ಕೆಲಸ ಮಾಡದಿದ್ದರೆ ಫೋನು ಕೆಟ್ಟಿದೆ ಎಂದುಕೊಳ್ಳಬೇಕಾಗಿಲ್ಲ. ಫೋನಿನ ಸೆಟ್ಟಿಂಗ್ ಪುಟ ಅಥವಾ ಕಂಪನಿಯ ಗ್ರಾಹಕ ಸೇವೆಯ ದಾರಿ ಹಿಡಿಯಬೇಕು.

ಇನ್ನು ತೆಗೆಯುವುದು. ತೆಗೆಯುವ ಮೊದಲು ಏನಿದೆ ಎಂದು ನೋಡುವುದು ಲೇಸು. ಆಮೇಲೆ ಗೊಂದಲವಾದರೆ ಹಳೆಯ ಸ್ಥಿತಿ ಏನಿತ್ತು ಎಂದಾದರೂ ಗೊತ್ತಿರುತ್ತದೆ. ಈ ನಾಲ್ಕನ್ನು ಒಂದೊಂದಾಗಿ ಒತ್ತಿ ಉತ್ತರ ಓದಬೇಕು:

```
*#21#
*#67#
*#61#
*#62#
```

`Not forwarded` ಎಂದು ಬಂದರೆ ಆ ಷರತ್ತು ಖಾಲಿ. ನಂಬರು ಬಂದರೆ ಅದು ಮನೆಯವರದೋ ಎಂದು ಮೊದಲು ಹೊಂದಿಸಿ ನೋಡಬೇಕು. ಮೊದಲ ಮೂರು ಖಾಲಿ ಇದ್ದು 62ರಲ್ಲಿ ಮಾತ್ರ ಗುರುತಿಲ್ಲದ ನಂಬರು ಕಾಣುವುದು ಬಹಳ ಸಾಮಾನ್ಯ. ಇದನ್ನು ಕಂಡು ಫೋನು ಟ್ಯಾಪ್ ಆಗಿದೆ ಎಂದು ಹೆದರಿಸುವ ಸಂದೇಶಗಳು ವಾಟ್ಸ್‌ಆ್ಯಪಿನಲ್ಲಿ ಹರಿದಾಡುತ್ತವೆ. ಹೆಚ್ಚಿನ ಸಂದರ್ಭಗಳಲ್ಲಿ ಆ ನಂಬರು ಕಂಪನಿಯದೇ. ಫೋನು ಆಫ್ ಇದ್ದಾಗ ಯಾರು ಕರೆದಿದ್ದರು ಎಂದು ಆಮೇಲೆ ಎಸ್‌ಎಂಎಸ್ ಬರುತ್ತದಲ್ಲ, ಆ ಮಿಸ್ಡ್ ಕಾಲ್ ಅಲರ್ಟ್ ಸೇವೆ ನಡೆಯುವುದು 62ರ ಮೂಲಕವೇ: ಸಿಗದ ಕರೆ ಕಂಪನಿಯ ಒಂದು ಯಂತ್ರಕ್ಕೆ ತಿರುಗುತ್ತದೆ, ಯಂತ್ರ ಕರೆದವರ ನಂಬರು ಬರೆದಿಟ್ಟುಕೊಳ್ಳುತ್ತದೆ. ವಾಯ್ಸ್‌ಮೇಲ್ ಕೂಡ ಹೀಗೆಯೇ. ಅದು ಕಂಪನಿಯದೇ ಹೌದೇ ಎಂದು ಗ್ರಾಹಕ ಸೇವೆಗೆ ಕರೆ ಮಾಡಿ ಖಚಿತ ಮಾಡಿಕೊಳ್ಳಬಹುದು. 21ರಲ್ಲೋ 67ರಲ್ಲೋ ಯಾರದೋ ಹತ್ತಂಕಿಯ ಮೊಬೈಲ್ ನಂಬರು ಕಂಡರೆ ಮಾತು ಬೇರೆ. ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆಮೇಲೆ ಅಳಿಸಬೇಕು.

ಒಂದನ್ನೇ ತೆಗೆಯಬೇಕಿದ್ದರೆ ಅದರ ಸಂಖ್ಯೆಗೆ ಎರಡು ಹ್ಯಾಶ್. ಶಿರಸಿಯ ಆ ಅಂಗಡಿಯವರು ತೋಟದ ಮನೆಗೆ ಬೂಸ್ಟರ್ ಹಾಕಿಸದೆಯೇ ಹೊಸ ಟವರು ಬಂತೆಂದು ಫಾರ್ವರ್ಡ್ ಬೇಡವೆಂದುಕೊಂಡರೆ `##62#` ಸಾಕು, 61 ಹಾಗೇ ಉಳಿಯುತ್ತದೆ. ಷರತ್ತಿನವು ಮೂರನ್ನೂ ಒಟ್ಟಿಗೆ ಅಳಿಸಲು ಮೊದಲನೆಯದು, ಎಲ್ಲ ಬಗೆಯನ್ನೂ ಅಳಿಸಲು ಎರಡನೆಯದು:

```
##004#
##002#
```

ಇವೆರಡೂ 62ನ್ನೂ ಅಳಿಸುವುದರಿಂದ ಮಿಸ್ಡ್ ಕಾಲ್ ಅಲರ್ಟ್ ಕೂಡ ನಿಂತುಹೋಗಬಹುದು. ಮತ್ತೆ ಬೇಕೆನಿಸಿದರೆ ಕಂಪನಿಯ ಆ್ಯಪಿನಲ್ಲೋ ಗ್ರಾಹಕ ಸೇವೆಯಲ್ಲೋ ಹೇಳಿ ಚಾಲೂ ಮಾಡಿಸಬೇಕಾಗುತ್ತದೆ. 21 ಒಂದನ್ನೇ ತೆಗೆದವರು ಇನ್ನೊಂದನ್ನು ಗಮನಿಸಬೇಕು. 21 ಚಾಲೂ ಇರುವಷ್ಟು ದಿನ ಷರತ್ತಿನವು ಕೆಲಸವಿಲ್ಲದೆ ಕೂತಿರುತ್ತವೆ, ಅಳಿಯುವುದಿಲ್ಲ. 21 ಹೋದ ಕೂಡಲೇ ಅವು ಎದ್ದು ಕೂರುತ್ತವೆ.

ಅಳಿಸಿದ ಮೇಲೆ `*#` ಕೋಡ್‌ಗಳಿಂದ ಇನ್ನೊಮ್ಮೆ ಓದಿ ನೋಡಬೇಕು. ಪರದೆಯ ಮಾತಿಗಿಂತ ಗಟ್ಟಿ ಸಾಕ್ಷಿ ಬೇಕಿದ್ದರೆ ಇನ್ನೊಂದು ಫೋನಿನಿಂದ ಮೂರು ಕರೆ ಮಾಡಿಸುವುದು: ಒಮ್ಮೆ ಎತ್ತದೆ ಬಿಟ್ಟು, ಒಮ್ಮೆ ಕಡಿದು, ಒಮ್ಮೆ ಫೋನು ಆಫ್ ಮಾಡಿ. ಮೂರೂ ಸಲ ಕರೆ ಎಲ್ಲಿಗೂ ತಿರುಗದೆ ಕಂಪನಿಯ ಧ್ವನಿಮುದ್ರಿತ ಮಾತಿನಲ್ಲೋ ರಿಂಗಿನಲ್ಲೋ ಮುಗಿದರೆ ಎಲ್ಲವೂ ಹೋಗಿದೆ ಎಂದು ತಿಳಿಯಬಹುದು. ಕೋಡ್ ಒತ್ತಿದಾಗ ಸಂಪರ್ಕದ ತೊಂದರೆ ಅಥವಾ ತಪ್ಪು ಎಂಎಂಐ ಕೋಡ್ ಎಂಬ ಎರರ್ ಬಂದರೆ ಸಿಗ್ನಲ್ ಚೆನ್ನಾಗಿರುವಲ್ಲಿ ನಿಂತು, ಸರಿಯಾದ ಸಿಮ್ ಆರಿಸಿ ಪುನಃ ಪ್ರಯತ್ನಿಸಬೇಕು. ಆಗಲೂ ನಂಬರು ಹೋಗದಿದ್ದರೆ 198ಕ್ಕೆ ಕರೆ ಮಾಡಿ ಕಂಪನಿಯ ಕಡೆಯಿಂದಲೇ ತೆಗೆಸಿ ದೂರಿನ ಸಂಖ್ಯೆ ಪಡೆದುಕೊಳ್ಳಬೇಕು. ವಂಚನೆ ನಡೆದು ಹಣ ಹೋಗಿದ್ದರೆ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಬೇಕು. ಸ್ಕ್ರೀನ್‌ಶಾಟಿನಲ್ಲಿ ಉಳಿದ ಆ ಹತ್ತಂಕಿಯ ನಂಬರನ್ನು ದೂರಿನಲ್ಲಿ ಸೇರಿಸಬಹುದು.